ಹಳೆ ಟ್ರ್ಯಾಕ್ಟರ್‌ನ ಎರಡು ಮುಳ್ಳು: ಆಂಪಿಯರ್ ಮೀಟರ್, ಆಯಿಲ್ ಮೀಟರ್ ಓದುವ ಬಗೆ

ಜತ್ತ, ಅಕ್ಕಲಕೋಟ ಕಡೆಯ ಹಳ್ಳಿಗಳಲ್ಲಿ ಹಳೆ ಟ್ರ್ಯಾಕ್ಟರ್‌ಗಳಿಗೆ ಇನ್ನೂ ಕೆಲಸ ಇದೆ. ಹಿಂಗಾರಿ ಜೋಳ ಬಿತ್ತುವ ಮುಂಚೆ ಸೆಕೆಂಡ್ ಹ್ಯಾಂಡ್ ಗಾಡಿ ಮನೆಗೆ ತರುವವರೂ ಇದ್ದಾರೆ. ಆದರೆ ಅದನ್ನು ಓಡಿಸುವ ಹುಡುಗ ಕಲಿತದ್ದು ಹೊಸ ಗಾಡಿಯಲ್ಲಿ. ಅವನಿಗೆ ಡ್ಯಾಶ್‌ಬೋರ್ಡ್ ಅಂದರೆ ಕೆಂಪು ದೀಪ. ಹತ್ತಿದರೆ ತೊಂದರೆ, ಹತ್ತದಿದ್ದರೆ ಎಲ್ಲ ಸರಿ. ಹಳೆ ಗಾಡಿಯಲ್ಲಿ ಆ ದೀಪಗಳ ಜಾಗದಲ್ಲಿ ಎರಡು ದುಂಡನೆಯ ಮೀಟರ್ ಕೂತಿರುತ್ತವೆ. ಒಂದರಲ್ಲಿ ಮುಳ್ಳು ನಡುವೆ ನಿಂತಿದೆ, ಇನ್ನೊಂದರಲ್ಲಿ ಏರುತ್ತದೆ, ಇಳಿಯುತ್ತದೆ. ಎಲ್ಲಿದ್ದರೆ ಸರಿ, ಎಲ್ಲಿದ್ದರೆ ತಪ್ಪು ಅಂತ ಅದರ ಮೇಲೆ ಬರೆದಿರುವುದಿಲ್ಲ.

ಹಳೆ ಜೀಪು, ಕೆಲವು ಹಳೆ ಕಾರುಗಳಲ್ಲೂ ಇವೇ ಮೀಟರ್ ಇವೆ. ಓದುವ ರೀತಿ ಒಂದೇ. ಇಲ್ಲಿ ಡೀಸೆಲ್ ಟ್ರ್ಯಾಕ್ಟರ್ ಇಟ್ಟುಕೊಂಡು ಹೇಳುತ್ತೇನೆ. ಕಾರಿಗೆ ವ್ಯತ್ಯಾಸ ಇರುವಲ್ಲಿ ಮಾತ್ರ ಅದನ್ನು ತಿಳಿಸುತ್ತೇನೆ.

ದೀಪಕ್ಕೂ ಮುಳ್ಳಿಗೂ ಏನು ವ್ಯತ್ಯಾಸ

ಆಯಿಲ್ ದೀಪದ ಹಿಂದೆ ಇರುವುದು ಒಂದು ಚಿಕ್ಕ ಸ್ವಿಚ್. ಆಯಿಲ್ ಪ್ರೆಶರ್ ಸುಮಾರು ಅರ್ಧ ಕೆಜಿಗಿಂತ ಕೆಳಗೆ ಬಿದ್ದಾಗ ಅದು ದೀಪ ಹತ್ತಿಸುತ್ತದೆ. ಅದಕ್ಕಿಂತ ಮೇಲೆ ಎಷ್ಟಿದ್ದರೂ ದೀಪಕ್ಕೆ ಒಂದೇ. (ಕೆಜಿ ಅಂದರೆ ಇಲ್ಲಿ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಕೆಜಿ ಒತ್ತಡ. ಕೆಲವು ಮೀಟರ್‌ಗಳಲ್ಲಿ ಪೌಂಡ್ ಲೆಕ್ಕ ಇರುತ್ತದೆ. ಒಂದು ಕೆಜಿ ಅಂದರೆ ಸುಮಾರು 14 ಪೌಂಡ್.) ನೇಗಿಲು ಎಳೆಯುವಾಗ 3 ಕೆಜಿ ಇರಬೇಕಾದ ಎಂಜಿನ್‌ನಲ್ಲಿ ಒಂದೇ ಕೆಜಿ ಇದ್ದರೂ ದೀಪ ಹತ್ತುವುದಿಲ್ಲ. ದೀಪ ಹತ್ತುವ ಹೊತ್ತಿಗೆ ಬೇರಿಂಗ್ ಸವೆದು ಬಹಳ ದಿನ ಆಗಿರಬಹುದು.

ಚಾರ್ಜಿಂಗ್ ದೀಪವೂ ಹಾಗೇ. ಡೈನಮೋ ಕರೆಂಟ್ ಕೊಡುವುದು ಪೂರ್ತಿ ನಿಂತರೆ ಹತ್ತುತ್ತದೆ. ಕಡಿಮೆ ಕೊಡುತ್ತಿದ್ದರೆ ಹೆಚ್ಚಾಗಿ ಸುಮ್ನೆ ಇರುತ್ತದೆ, ಅತಿಯಾಗಿ ಕೊಟ್ಟು ಬ್ಯಾಟರಿಯ ನೀರು ಕುದಿಸುತ್ತಿದ್ದರೂ ಸುಮ್ನೆ ಇರುತ್ತದೆ.

ಮುಳ್ಳು ಇದೆಲ್ಲವನ್ನೂ ತೋರಿಸುತ್ತದೆ. ಆದರೆ ಅದಕ್ಕೆ ಒಂದು ಸರಿಯಾದ ಜಾಗ ಅಂತ ಇಲ್ಲ. ಎಂಜಿನ್ ತಣ್ಣಗಿದೆಯಾ, ಬಿಸಿಯಾಗಿದೆಯಾ? ಸ್ಲೋದಲ್ಲಿದೆಯಾ, ರೇಸ್‌ನಲ್ಲಿದೆಯಾ? ಸ್ಟಾರ್ಟ್ ಆಗಿ ಎಷ್ಟು ಹೊತ್ತಾಯಿತು? ಈ ಮೂರು ಗೊತ್ತಿಲ್ಲದೆ ಮುಳ್ಳು ನೋಡಿ ಏನೂ ಹೇಳಲಾಗದು.

ಆಂಪಿಯರ್ ಮೀಟರ್: ಬ್ಯಾಟರಿಗೆ ಬರುವುದು, ಬ್ಯಾಟರಿಯಿಂದ ಹೋಗುವುದು

ಈ ಮೀಟರ್‌ನ ಸೊನ್ನೆ ನಡುವೆ ಇರುತ್ತದೆ. ಬಲಕ್ಕೆ +30, ಎಡಕ್ಕೆ −30 ಅಂತ ಇರುವುದು ಸಾಮಾನ್ಯ. ಬಹಳ ಜನ ಇದು ಡೈನಮೋ ಎಷ್ಟು ಕರೆಂಟ್ ಮಾಡುತ್ತಿದೆ ಅಂತ ತೋರಿಸುತ್ತದೆ ಅಂದುಕೊಳ್ಳುತ್ತಾರೆ. ಹಾಗಲ್ಲ. ಬ್ಯಾಟರಿಯೊಳಗೆ ಕರೆಂಟ್ ಹೋಗುತ್ತಿದ್ದರೆ ಮುಳ್ಳು + ಕಡೆಗೆ, ಬ್ಯಾಟರಿಯಿಂದ ಹೊರಗೆ ಬರುತ್ತಿದ್ದರೆ − ಕಡೆಗೆ. ಅಷ್ಟೇ ಅದರ ಕೆಲಸ. ಡೈನಮೋ 10 ಆಂಪಿಯರ್ ಕೊಟ್ಟು ಅದರಲ್ಲಿ 8 ದೀಪಗಳಿಗೆ ಹೋದರೆ ಮುಳ್ಳು +2 ತೋರಿಸುತ್ತದೆ.

ಸೆಲ್ಫ್ ಮೋಟರ್‌ನ ಕರೆಂಟ್ ಮಾತ್ರ ಈ ಮೀಟರ್ ಮೂಲಕ ಹಾದುಹೋಗುವುದಿಲ್ಲ. ಅದಕ್ಕೆ ಬ್ಯಾಟರಿಯಿಂದ ನೇರವಾಗಿ ದಪ್ಪ ಕೇಬಲ್ ಇದೆ. ಡೀಸೆಲ್ ಎಂಜಿನ್ ತಿರುಗಿಸಲು ಸೆಲ್ಫ್ 200ರಿಂದ 300 ಆಂಪಿಯರ್ ಎಳೆಯುತ್ತದೆ. 30ರ ಮೀಟರ್‌ಗೆ ಅದನ್ನು ತಡೆಯುವ ಶಕ್ತಿ ಎಲ್ಲಿಂದ ಬರಬೇಕು?

ಮೀಟರ್ ಸರಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಎಂಜಿನ್ ಬಂದ್ ಇರಲಿ, ಕೀ ಹಾಕಿ ಹೆಡ್‌ಲೈಟ್ ಹಚ್ಚಿ. 45 ವಾಟ್‌ನ ಎರಡು ಬಲ್ಬ್ ಅಂದರೆ 90 ವಾಟ್. 12 ವೋಲ್ಟ್‌ನಿಂದ ಭಾಗಿಸಿದರೆ ಏಳೂವರೆ ಆಂಪಿಯರ್. ಹಿಂದಿನ ದೀಪ ಸೇರಿ ಮುಳ್ಳು ಸುಮಾರು −8ಕ್ಕೆ ಹೋಗಬೇಕು. + ಕಡೆಗೆ ಹೋದರೆ ಯಾರೋ ವೈರ್ ಅದಲುಬದಲು ಮಾಡಿದ್ದಾರೆ. ಅಲುಗಾಡದಿದ್ದರೆ ಮೀಟರ್ ಸತ್ತಿದೆ, ಇಲ್ಲವೇ ಅದನ್ನು ಬಿಟ್ಟು ಹೊರಗಿಂದ ವೈರ್ ಜೋಡಿಸಿದ್ದಾರೆ. ಹಳೆ ಗಾಡಿಗಳಲ್ಲಿ ಸದಾ ಸೊನ್ನೆಯಲ್ಲಿ ನಿಂತಿರುವ ಮೀಟರ್ ಕಂಡರೆ ಹೆಚ್ಚಾಗಿ ಇದೇ ಕಥೆ.

ಸ್ಟಾರ್ಟ್ ಆದ ಮೇಲಿನ ಐದು ನಿಮಿಷ

ಎಂಜಿನ್ ಹಿಡಿದು ಸ್ವಲ್ಪ ರೇಸ್ ಕೊಟ್ಟ ಕೂಡಲೇ ಮುಳ್ಳು +10, ಕೆಲವೊಮ್ಮೆ +15ಕ್ಕೆ ಜಿಗಿಯುತ್ತದೆ. ಸೆಲ್ಫ್ ತಿಂದದ್ದನ್ನು ಬ್ಯಾಟರಿ ಮರಳಿ ಪಡೆಯುತ್ತಿದೆ. ಆಮೇಲೆ ಮುಳ್ಳು ನಿಧಾನಕ್ಕೆ ಸೊನ್ನೆಯ ಹತ್ತಿರ ಬರುತ್ತದೆ, +1 ಅಥವಾ +2ರಲ್ಲಿ ನಿಲ್ಲುತ್ತದೆ. "ಚಾರ್ಜಿಂಗ್ ಬಿದ್ದೋಯ್ತು" ಅಂತ ಗಾಬರಿ ಬೀಳುವುದು ಇಲ್ಲೇ. ಬಿದ್ದಿಲ್ಲ, ಬ್ಯಾಟರಿ ತುಂಬಿದೆ.

ಎಷ್ಟು ಹೊತ್ತಿಗೆ ಇಳಿಯಬೇಕು ಅನ್ನುವುದಕ್ಕೆ ಲೆಕ್ಕ ಇದೆ. ಸೆಲ್ಫ್ 250 ಆಂಪಿಯರ್‌ನಂತೆ 4 ಸೆಕೆಂಡ್ ಎಳೆಯಿತು ಅಂತಿಟ್ಟುಕೊಳ್ಳಿ. 250ನ್ನು 4ರಿಂದ ಗುಣಿಸಿದರೆ 1000. ಡೈನಮೋ 10 ಆಂಪಿಯರ್‌ನಂತೆ ಮರಳಿ ತುಂಬಿದರೆ 100 ಸೆಕೆಂಡ್ ಸಾಕು. ಬ್ಯಾಟರಿ ಹಾಕಿದ್ದನ್ನೆಲ್ಲ ಹಿಡಿಯುವುದಿಲ್ಲ, ತುಂಬುತ್ತ ಬಂದಂತೆ ಎಳೆಯುವುದೂ ಕಡಿಮೆ, ಆದ್ದರಿಂದ ಇನ್ನೂ ಒಂದೆರಡು ನಿಮಿಷ ಸೇರಿಸಿ. ಒಂದೇ ಸೆಲ್ಫ್‌ಗೆ ಹಿಡಿದ ಗಾಡಿಯಲ್ಲಿ ಐದು ನಿಮಿಷದೊಳಗೆ ಮುಳ್ಳು ಬಹಳಷ್ಟು ಇಳಿದಿರಬೇಕು. ನಾಲ್ಕೈದು ಸಲ ಸೆಲ್ಫ್ ಹೊಡೆದಿದ್ದರೆ, ಅಥವಾ ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಜಾಸ್ತಿ ಹೊತ್ತು ಬೇಕು.

ಅರ್ಧ ಗಂಟೆ ಕೆಲಸ ಮಾಡಿದ ಮೇಲೂ +15ರಲ್ಲೇ ನಿಂತಿದ್ದರೆ ಏನೋ ತಪ್ಪಿದೆ. ಬ್ಯಾಟರಿಯ ಒಂದು ಸೆಲ್ ಕೆಟ್ಟು ಎಷ್ಟು ಕೊಟ್ಟರೂ ತುಂಬದಿರಬಹುದು. ಇಲ್ಲವೇ ರೆಗ್ಯುಲೇಟರ್ ಕೆಟ್ಟು ಡೈನಮೋ ಲಗಾಮಿಲ್ಲದೆ ಕೊಡುತ್ತಿರಬಹುದು. ಮುಳ್ಳು ಈ ಎರಡನ್ನು ಬೇರೆ ಮಾಡಿ ಹೇಳಲಾರದು. ಅದಕ್ಕೆ ಮಲ್ಟಿಮೀಟರ್ ಬೇಕು. ರೇಸ್‌ನಲ್ಲಿಟ್ಟು ಬ್ಯಾಟರಿಯ ಎರಡು ತುದಿಗೆ ಹಿಡಿಯಿರಿ. 14 ವೋಲ್ಟ್ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಇದ್ದೂ ಕರೆಂಟ್ ಜೋರಾಗಿ ಹೋಗುತ್ತಿದ್ದರೆ ಬ್ಯಾಟರಿಯ ಮೇಲೆ ಅನುಮಾನ. 15 ದಾಟಿದರೆ ರೆಗ್ಯುಲೇಟರ್. ಬ್ಯಾಟರಿಯ ನೀರು ಪದೇ ಪದೇ ಕಡಿಮೆಯಾಗುವುದು, ಕೊಳೆತ ಮೊಟ್ಟೆಯ ವಾಸನೆ ಬರುವುದು ಅತಿ ಚಾರ್ಜಿನ ಗುರುತು. ಆ ಹೊತ್ತಿನಲ್ಲಿ ಬ್ಯಾಟರಿಯ ಹತ್ತಿರ ಬೀಡಿ ಹಚ್ಚಬೇಡಿ.

− ಕಡೆಗೆ ಹೋದರೆ

ರಾತ್ರಿ ಕಬ್ಬಿನ ಟ್ರಾಲಿ ಎಳೆದುಕೊಂಡು ಹೋಗುತ್ತೀರಿ, ಫ್ಯಾಕ್ಟರಿಯ ಮುಂದೆ ಸಾಲಿನಲ್ಲಿ ನಿಲ್ಲುತ್ತೀರಿ. ಎಂಜಿನ್ ಸ್ಲೋದಲ್ಲಿದೆ, ಹೆಡ್‌ಲೈಟ್ ಉರಿಯುತ್ತಿದೆ. ಮುಳ್ಳು −5 ತೋರಿಸುತ್ತದೆ. ಡೈನಮೋ ಇರುವ ಗಾಡಿಯಲ್ಲಿ ಇದು ಸಹಜ. ಸ್ಲೋದಲ್ಲಿ ಡೈನಮೋ ಹೆಚ್ಚೇನೂ ಮಾಡುವುದಿಲ್ಲ. ರೇಸ್ ಕೊಟ್ಟಾಗ + ಕಡೆಗೆ ಬಂದರೆ ಸಾಕು. ಆಲ್ಟರ್ನೇಟರ್ ಹಾಕಿದ ಗಾಡಿಯಲ್ಲಿ ಮಾತ್ರ ಸ್ಲೋದಲ್ಲೂ ಸೊನ್ನೆಯ ಹತ್ತಿರ ಇರಬೇಕು.

ರೇಸ್ ಕೊಟ್ಟರೂ − ಬಿಟ್ಟು ಬಾರದಿದ್ದರೆ ಮೊದಲು ಫ್ಯಾನ್ ಬೆಲ್ಟ್ ನೋಡಿ. ಸಡಿಲವಾಗಿದ್ದರೆ ಡೈನಮೋ ಜಾರುತ್ತದೆ. ಬೆಲ್ಟ್ ಬಿಗಿಯಾಗಿದ್ದರೆ ಡೈನಮೋದ ಬ್ರಶ್ ಸವೆದಿರಬೇಕು, ಇಲ್ಲವೇ ಡೈನಮೋವನ್ನು ಬ್ಯಾಟರಿಗೆ ಜೋಡಿಸುವ ಕಟೌಟ್ ಅಂಟುತ್ತಿಲ್ಲ. ಮುಳ್ಳು ಒಂದೇ ಸಮನೆ ನಡುಗುತ್ತಿದ್ದರೆ ಸಡಿಲ ವೈರ್, ಬ್ರಶ್, ಜಾರುವ ಬೆಲ್ಟ್ ಈ ಮೂರರಲ್ಲೊಂದು.

ಬೆಲ್ಟ್ ಸರಿ ಇದ್ದರೆ ಇದರಲ್ಲಿ ಅವಸರ ಇಲ್ಲ. ಹಳೆ ಡೀಸೆಲ್ ಎಂಜಿನ್ ಓಡಲು ಕರೆಂಟೇ ಬೇಡ. ಎಳೆದು ಬಂದ್ ಮಾಡುವ ಗಾಡಿ ಅದು. ಡೈನಮೋ ಸತ್ತರೂ ಸಂಜೆವರೆಗೆ ಹೊಲ ಉಳುತ್ತದೆ. ತೊಂದರೆ ಗೊತ್ತಾಗುವುದು ಬೆಳಗ್ಗೆ ಸೆಲ್ಫ್ ಹೊಡೆದಾಗ. ಪೆಟ್ರೋಲ್ ಕಾರು, ಪೆಟ್ರೋಲ್ ಜೀಪಿನಲ್ಲಿ ಹಾಗಲ್ಲ. ಅಲ್ಲಿ ಕಿಡಿಗೆ ಕರೆಂಟ್ ಬೇಕು, ಬ್ಯಾಟರಿ ಬರಿದಾದರೆ ಗಾಡಿ ನಡುದಾರಿಯಲ್ಲಿ ನಿಲ್ಲುತ್ತದೆ.

ಒಂದು ಎಚ್ಚರಿಕೆ ಇದೆ. ಸೆಲ್ಫ್‌ನದು ಬಿಟ್ಟರೆ ಬ್ಯಾಟರಿಗೆ ಬರುವ, ಬ್ಯಾಟರಿಯಿಂದ ಹೋಗುವ ಹೆಚ್ಚುಕಡಿಮೆ ಎಲ್ಲ ಕರೆಂಟೂ ಈ ಮೀಟರ್‌ನ ಹಿಂದಿನ ಎರಡು ಬೋಲ್ಟ್ ಮೂಲಕ ಹಾಯುತ್ತದೆ. ನಟ್ ಸಡಿಲವಾದರೆ ಅಲ್ಲೇ ಬಿಸಿಯಾಗಿ ವೈರ್ ಸುಡುತ್ತದೆ. ಬಹಳ ಗಾಡಿಗಳಲ್ಲಿ ಅಲ್ಲಿಗೆ ಬರುವ ವೈರ್‌ಗೆ ಫ್ಯೂಸ್ ಕೂಡ ಇಲ್ಲ, ಪಾನ ತಗುಲಿದರೆ ಕಿಡಿ ಹಾರುತ್ತದೆ. ಮೀಟರ್ ಬಿಚ್ಚುವ ಮುಂಚೆ ಬ್ಯಾಟರಿಯ ಅರ್ಥಿಂಗ್ ಕೇಬಲ್ ತೆಗೆಯಲೇಬೇಕು. ಡೈನಮೋ ತೆಗೆದು ದೊಡ್ಡ ಆಲ್ಟರ್ನೇಟರ್ ಹಾಕಿಸಿದವರು ಹಳೆ 30ರ ಮೀಟರನ್ನು ಹಾಗೇ ಬಿಡಬಾರದು.

ಆಯಿಲ್ ಮೀಟರ್: ಒತ್ತಡ ಎಲ್ಲಿಂದ ಬರುತ್ತದೆ

ದಾಳಿಂಬೆ ತೋಟಕ್ಕೆ ಡ್ರಿಪ್ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಫಿಲ್ಟರ್ ಹತ್ತಿರ ಒಂದು ಪ್ರೆಶರ್ ಗೇಜ್ ಇರುತ್ತದಲ್ವಾ? ಪೈಪುಗಳೆಲ್ಲ ಗಟ್ಟಿ ಇದ್ದಾಗ ಅದು ಒಳ್ಳೆ ಪ್ರೆಶರ್ ತೋರಿಸುತ್ತದೆ. ಇಲಿ ಕಡಿದು ಲ್ಯಾಟರಲ್‌ನಲ್ಲಿ ನಾಲ್ಕು ಕಡೆ ತೂತಾದರೆ ಪ್ರೆಶರ್ ಬೀಳುತ್ತದೆ. ಮೋಟರ್ ಅದೇ, ನೀರೂ ಅದೇ. ಹೊರಗೆ ಹೋಗುವ ದಾರಿ ದೊಡ್ಡದಾಯಿತು, ಅಷ್ಟೇ.

ಎಂಜಿನ್‌ನಲ್ಲಿ ಪಂಪು ಆಯಿಲನ್ನು ಕ್ರ್ಯಾಂಕಿನ ಬೇರಿಂಗ್‌ಗಳಿಗೆ ತಳ್ಳುತ್ತದೆ. ಬೇರಿಂಗ್ ಮತ್ತು ಕ್ರ್ಯಾಂಕಿನ ನಡುವೆ ಕೂದಲೆಳೆಯಷ್ಟು ಸಂದು. ಆಯಿಲ್ ಆ ಸಂದಿನಿಂದ ಹಿಂಡಿಕೊಂಡು ಹೊರಬರಬೇಕು, ಅದರಿಂದಲೇ ಒತ್ತಡ. ಬೇರಿಂಗ್ ಸವೆದರೆ ಸಂದು ದೊಡ್ಡದಾಗುತ್ತದೆ, ಒತ್ತಡ ಇಳಿಯುತ್ತದೆ. ಆಯಿಲ್ ನೀರಿನಂತೆ ತೆಳ್ಳಗಾದರೂ ಸುಲಭವಾಗಿ ಜಾರಿಹೋಗುತ್ತದೆ, ಆಗಲೂ ಇಳಿಯುತ್ತದೆ.

ಆದ್ದರಿಂದ ಈ ಮೀಟರ್ ಎಂಜಿನ್‌ನಲ್ಲಿ ಎಷ್ಟು ಆಯಿಲ್ ಇದೆ ಅಂತ ಹೇಳುವುದಿಲ್ಲ. ಅದನ್ನು ನೋಡಲು ಕಡ್ಡಿ ಇದೆ. ಆಯಿಲ್ ಕಡಿಮೆ ಇದ್ದರೂ ಪಂಪಿನ ಬಾಯಿ ಮುಳುಗಿರುವವರೆಗೆ ಪ್ರೆಶರ್ ಸರಿಯಾಗೇ ಇರುತ್ತದೆ. ಬದು ಹತ್ತುವಾಗ, ಇಳಿಜಾರಿನಲ್ಲಿ ತಿರುಗಿಸುವಾಗ ಮುಳ್ಳು ಒಮ್ಮೆ ಧಸಕ್ಕನೆ ಬಿದ್ದು ಮತ್ತೆ ಏರಿದರೆ, ಪಂಪು ಗಾಳಿ ಎಳೆಯುತ್ತಿದೆ ಅಂತ ತಿಳಿಯಿರಿ. ಗಾಡಿ ಸಮ ಜಾಗದಲ್ಲಿ ನಿಲ್ಲಿಸಿ ಕಡ್ಡಿ ನೋಡಿ.

ತಣ್ಣಗಿದ್ದಾಗಿನ ಪ್ರೆಶರ್ ನಂಬಬೇಡಿ

ಬೆಳಗ್ಗೆ ಆಯಿಲ್ ದಪ್ಪಗಿರುತ್ತದೆ. ಸ್ಟಾರ್ಟ್ ಆದ ಐದಾರು ಸೆಕೆಂಡಿನಲ್ಲಿ ಮುಳ್ಳು ಏಳಬೇಕು, 4 ಕೆಜಿ ಅಥವಾ ಅದಕ್ಕಿಂತ ಮೇಲೆ ಹೋಗಬಹುದು. ತೀರಾ ಮೇಲೆ ಹೋಗದಂತೆ ರಿಲೀಫ್ ವಾಲ್ವ್ ತಡೆಯುತ್ತದೆ. ಸವೆದ ಎಂಜಿನ್ ಕೂಡ ಈ ಹೊತ್ತಿನಲ್ಲಿ ಚೆನ್ನಾಗೇ ತೋರಿಸುತ್ತದೆ. ಮಾರುವವರಿಗೆ ಇದು ಗೊತ್ತು.

ನಿಜವಾದ ಪ್ರೆಶರ್ ನೋಡಬೇಕಾದದ್ದು ಒಂದು ಗಂಟೆ ಉಳುಮೆ ಮಾಡಿದ ಮೇಲೆ. ಕಂಪನಿಯ ಪುಸ್ತಕದಲ್ಲಿ ಆ ಮಾಡೆಲ್‌ನ ಅಂಕಿ ಇರುತ್ತದೆ, ಅದೇ ಅಂತಿಮ. ಪುಸ್ತಕ ಇಲ್ಲದಿದ್ದರೆ ಒಂದು ಅಂದಾಜು ಇದೆ: ಬಿಸಿ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪೌಂಡ್, ಅಂದರೆ 0.7 ಕೆಜಿ ಇರಲೇಬೇಕು. ಇದು ತಳಮಟ್ಟ. ಒಳ್ಳೆ ಎಂಜಿನ್‌ಗಳು ಸ್ಲೋದಲ್ಲಿ ಒಂದು ಕೆಜಿಯ ಆಸುಪಾಸು, ಕೆಲಸದ ರೇಸ್‌ನಲ್ಲಿ 3ರ ಹತ್ತಿರ ತೋರಿಸುತ್ತವೆ. ಬಿಸಿಯಾದ ಮೇಲೆ ಸ್ಲೋದಲ್ಲಿ ಮುಳ್ಳು ಇಳಿಯುವುದು ರೋಗವಲ್ಲ. ರೇಸ್ ಕೊಟ್ಟರೂ ಏರದಿರುವುದು ರೋಗ.

ಒಂದು ಗಾಡಿಯ ಲೆಕ್ಕ

ಉಮದಿಯ ಹುಡುಗನೊಬ್ಬ ಚಡಚಣ ಕಡೆಯಿಂದ 35 ಎಚ್‌ಪಿಯ ಹಳೆ ಟ್ರ್ಯಾಕ್ಟರ್ ತಂದ ಅಂತಿಟ್ಟುಕೊಳ್ಳೋಣ. ಬೆಳಗ್ಗೆ ಮಾರುವವರ ಅಂಗಳದಲ್ಲಿ ಪ್ರೆಶರ್ 4 ಕೆಜಿ ಇತ್ತು. ಮನೆಗೆ ತಂದು ಒಂದು ಗಂಟೆ ಹರಗಿ ನೋಡಿದರೆ ಸ್ಲೋದಲ್ಲಿ 0.6, 1500 ಆರ್‌ಪಿಎಂನಲ್ಲಿ 1.3. ದೀಪದ ಗಾಡಿಯಾಗಿದ್ದರೆ ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಸ್ಲೋದಲ್ಲಿ ಕೂಡ ದೀಪ ಆರಿಯೇ ಇರುತ್ತಿತ್ತು.

"ಕಾಕಾ, ಎಂಜಿನ್ ಕಟ್ಟಿಸಬೇಕೇನ್ರಿ?" ಅಂತ ಅವನು ಊರಿನ ಮಿಸ್ತ್ರಿಯನ್ನು ಕೇಳುತ್ತಾನೆ. ಅನುಭವ ಇರುವ ಮಿಸ್ತ್ರಿ ಕೂಡಲೇ ಎಂಜಿನ್ ಬಿಚ್ಚುವುದಿಲ್ಲ. "ಮೊದಲು ಕಡ್ಡಿ ತಗಿ" ಅನ್ನುತ್ತಾರೆ.

ಕಡ್ಡಿಯಲ್ಲಿ ಆಯಿಲ್ ಮೇಲಿನ ಗುರುತನ್ನೂ ದಾಟಿ ಒಂದು ಬೆರಳು ಮೇಲಿದೆ. ಯಾರೂ ಆಯಿಲ್ ಹಾಕಿಲ್ಲ. ಬೆರಳಿಗೆ ಹಚ್ಚಿ ಮೂಸಿದರೆ ಡೀಸೆಲ್ ವಾಸನೆ. ಆಯಿಲ್ ತಾನಾಗಿ ಹೆಚ್ಚುವುದಿಲ್ಲ, ಒಳಗೆ ಡೀಸೆಲ್ ಸೇರುತ್ತಿದೆ. ಎಂಜಿನ್‌ನ ಪಕ್ಕದಲ್ಲಿ ಕೂತಿರುವ ಡೀಸೆಲ್ ಫೀಡ್ ಪಂಪಿನ ರಬ್ಬರ್ ಪದರ ಹರಿದರೆ ಹೀಗಾಗುತ್ತದೆ. ಕೆಲವು ಗಾಡಿಗಳಲ್ಲಿ ದೊಡ್ಡ ಡೀಸೆಲ್ ಪಂಪಿನ ಶಾಫ್ಟ್ ಸೀಲ್ ಸೋರಿದರೂ ಆಗುತ್ತದೆ. (ಆಯಿಲ್ ಹೆಚ್ಚಿ, ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೇರಿದ್ದು ನೀರು. ಅದು ಗ್ಯಾಸ್ಕೆಟ್ ಅಥವಾ ಲೈನರ್ ಕಡೆಯ ಕೆಲಸ.)

ಪದರ ಬದಲಿಸಿ, ಆಯಿಲ್ ಮತ್ತು ಫಿಲ್ಟರ್ ಹೊಸದು ಹಾಕಿ, ಮತ್ತೆ ಒಂದು ಗಂಟೆ ಹರಗಿ ನೋಡಬೇಕು. ಸ್ಲೋದಲ್ಲಿ 1.1, ರೇಸ್‌ನಲ್ಲಿ 2.8 ಬಂದರೆ ಬೇರಿಂಗ್ ಇನ್ನೂ ಚೆನ್ನಾಗಿದೆ, ಕೆಟ್ಟದ್ದು ಆಯಿಲ್ ಮಾತ್ರ. ಹೊಸ ಆಯಿಲ್ ಹಾಕಿದರೂ 1.3ರಲ್ಲೇ ನಿಂತಿದ್ದರೆ? ಆಗಲೂ ಮಿಸ್ತ್ರಿ ತಮ್ಮ ಹತ್ತಿರದ ನಂಬಿಕೆಯ ಗೇಜನ್ನು ನೇರವಾಗಿ ಎಂಜಿನ್‌ಗೆ ಜೋಡಿಸಿ ನೋಡಬೇಕು. ಅದೂ ಅಷ್ಟೇ ಹೇಳಿದರೆ ಎಂಜಿನ್ ಕೆಳಗಿನ ಆಯಿಲ್ ಚೇಂಬರ್ ಇಳಿಸಿ ರಿಲೀಫ್ ವಾಲ್ವ್, ಪಂಪು, ಬೇರಿಂಗ್ ನೋಡುವ ಸರದಿ.

ಇದಕ್ಕೆ ಅಡ್ಡದಾರಿಯೂ ಇದೆ. ದಪ್ಪ ಆಯಿಲ್ ಸುರಿದರೆ ಮುಳ್ಳು ಮೇಲೇಳುತ್ತದೆ. 20ಡಬ್ಲ್ಯೂ-40 ಕುಡಿಯುವ ಎಂಜಿನ್‌ಗೆ ಗೇರ್ ಆಯಿಲ್ ಬೆರೆಸಿ ಮಾರುವವರೂ ಇದ್ದಾರೆ. ಪ್ರೆಶರ್ ಕಾಣುತ್ತದೆ, ಆದರೆ ಸವೆದ ಬೇರಿಂಗ್ ಸವೆದೇ ಇರುತ್ತದೆ. ಬೆಳಗ್ಗೆ ಆ ದಪ್ಪ ಆಯಿಲ್ ಮೇಲಿನ ರಾಕರ್‌ವರೆಗೆ ತಡವಾಗಿ ತಲುಪುತ್ತದೆ. ಕೊಳ್ಳುವಾಗ ಕಡ್ಡಿಯ ಆಯಿಲ್ ಜೇನಿನಂತೆ ನೂಲು ಎಳೆದರೆ ಅನುಮಾನಪಡಿ.

ಮುಳ್ಳು ಸೊನ್ನೆಗೆ ಬಿದ್ದರೆ

ಆಂಪಿಯರ್ ಮೀಟರ್‌ಗೆ ಸಂಜೆವರೆಗೆ ಕಾಯಬಹುದು ಅಂದೆ. ಇದಕ್ಕೆ ಒಂದು ನಿಮಿಷವೂ ಕಾಯುವಂತಿಲ್ಲ. ಓಡುತ್ತಿರುವಾಗ ಮುಳ್ಳು ಸೊನ್ನೆಗೆ ಬಿದ್ದರೆ ಸಾಲು ಮುಗಿಸಿ ಬರುತ್ತೇನೆ ಅನ್ನದೆ ಅಲ್ಲೇ ಎಂಜಿನ್ ಬಂದ್ ಮಾಡಿ. ಸ್ಲೋದಲ್ಲಿ ಬಿಟ್ಟು ಇಳಿದು ನೋಡುವುದೂ ಬೇಡ. ಆಯಿಲ್ ಇಲ್ಲದೆ ಬೇರಿಂಗ್ ಹಿಡಿದುಕೊಳ್ಳಲು ಹೆಚ್ಚು ಹೊತ್ತು ಬೇಕಿಲ್ಲ.

ಆಮೇಲೆ ಕಡ್ಡಿ ನೋಡಿ, ಎಂಜಿನ್ ಸುತ್ತ ನೋಡಿ. ಬಹಳ ಹಳೆ ಗಾಡಿಗಳಲ್ಲಿ ಎಂಜಿನ್‌ನಿಂದ ಮೀಟರ್‌ವರೆಗೆ ತೆಳ್ಳಗಿನ ತಾಮ್ರದ ನಳಿಗೆ ಬರುತ್ತದೆ, ಅದರೊಳಗೆ ಆಯಿಲೇ ಇರುತ್ತದೆ. ಅಲುಗಾಟಕ್ಕೆ ಅದು ಬಿರುಕು ಬಿಟ್ಟರೆ ಮುಳ್ಳು ಬೀಳುತ್ತದೆ, ಜೊತೆಗೆ ಆಯಿಲ್ ಹೊರಗೆ ಚಿಮ್ಮುತ್ತದೆ. ಮೀಟರ್ ತಾನೇ ಹಾಳಾಯಿತು ಅಂತ ಓಡಿಸಿದರೆ ಆಯಿಲೆಲ್ಲ ದಾರಿಯಲ್ಲಿ ಚೆಲ್ಲಿಹೋಗುತ್ತದೆ. ವೈರಿನ ಮೀಟರ್ ಆದರೆ ವೈರ್ ಕಿತ್ತರೂ ಮುಳ್ಳು ಕೆಡುತ್ತದೆ. ಕೆಲವು ಕಂಪನಿಯದು ಸೊನ್ನೆಗೆ ಬೀಳುತ್ತದೆ, ಕೆಲವು ಪೂರ್ತಿ ಮೇಲೆ ಹೋಗಿ ನಿಲ್ಲುತ್ತದೆ. ಎಂಜಿನ್ ಬಂದ್ ಇದ್ದಾಗ ಮುಳ್ಳು ಸೊನ್ನೆಯಲ್ಲಿ ಕೂರದಿದ್ದರೆ ಆ ಮೀಟರ್‌ನ ಯಾವ ಅಂಕಿಯನ್ನೂ ನಂಬುವಂತಿಲ್ಲ.

ನೇಗಿಲು ಹಿಂದೆ, ಮೀಟರ್ ಮುಂದೆ

ಮುಳ್ಳಿನ ದೊಡ್ಡ ಕೊರತೆ ಅಂದರೆ ಅದು ಕರೆಯುವುದಿಲ್ಲ. ಉಳುವವನ ಕಣ್ಣು ಅರ್ಧ ಹೊತ್ತು ಹಿಂದೆ ನೇಗಿಲಿನ ಮೇಲೆ ಇರುತ್ತದೆ. ದೂಳು, ಬಿಸಿಲಿಗೆ ಗಾಜೂ ಮಂಕಾಗಿರುತ್ತದೆ. ಹಾಗಾಗಿ ಮುಳ್ಳೋ ದೀಪವೋ ಅಂತ ವಾದ ಮಾಡುವ ಬದಲು ಎರಡನ್ನೂ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ನನ್ನ ಲೆಕ್ಕ.

ಆಯಿಲ್ ನಳಿಗೆ ಎಂಜಿನ್‌ಗೆ ಸೇರುವಲ್ಲಿ ಒಂದು ಹಿತ್ತಾಳೆಯ ಟೀ ಹಾಕಿಸಿ. ಅದರ ಒಂದು ಬಾಯಿಗೆ ಹಳೆ ಮೀಟರ್‌ನ ನಳಿಗೆ, ಇನ್ನೊಂದಕ್ಕೆ ದೀಪದ ಗಾಡಿಗಳಲ್ಲಿ ಬರುವ ಪ್ರೆಶರ್ ಸ್ವಿಚ್. ಸ್ವಿಚ್‌ಗೆ ದೀಪದ ಬದಲು 12 ವೋಲ್ಟ್ ಬಜರ್ ಜೋಡಿಸಿ, ಬಜರ್‌ಗೆ ಕರೆಂಟ್ ಕೀ ಕಡೆಯಿಂದ ಫ್ಯೂಸ್ ಮೂಲಕ ಕೊಡಿ. ಕೀ ಹಾಕಿದ ಕೂಡಲೇ ಅದು ಕೂಗುತ್ತದೆ, ಎಂಜಿನ್ ಹಿಡಿದು ಆಯಿಲ್ ಏರಿದಾಗ ಸುಮ್ಮನಾಗುತ್ತದೆ. ಒಂದು ದಿನ ಕೀ ಹಾಕಿದಾಗ ಕೂಗದಿದ್ದರೆ ಬಜರ್, ಸ್ವಿಚ್ ಅಥವಾ ವೈರ್ ಕೆಟ್ಟಿದೆ ಅಂತ ಹೊಲಕ್ಕೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ. ಬಿಸಿ ಎಂಜಿನ್ ಕೆಲಸದ ರೇಸ್‌ನಲ್ಲಿದ್ದಾಗ ಮುಳ್ಳು ಎಲ್ಲಿ ನಿಲ್ಲುತ್ತದೋ ಅಲ್ಲಿ ಮೀಟರ್ ಗಾಜಿನ ಮೇಲೆ ಬಣ್ಣದ ಚುಕ್ಕೆ ಇಟ್ಟರೆ, ಬೇರೆ ಯಾರು ಓಡಿಸಿದರೂ ಅಂಕಿ ನೆನಪಿಡಬೇಕಾಗಿಲ್ಲ.